ತಂತಿಯ ಮಿತಿ, ಒಲೆಯ ಬೇಡಿಕೆ

ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮನೆಗೆ ಕಳೆದ ಬೇಸಗೆಯಲ್ಲಿ ಹೋಗಿದ್ದಾಗ, ಬೆಳಗಿನ ಕಾಫಿಗೆಂದು ಅಡಿಗೆಮನೆಯ ಹೊಸ್ತಿಲನ್ನು ದಾಟುತ್ತಿದ್ದಂತೆಯೇ, ಒಗ್ಗರಣೆಯ ಘಮದ ಜೊತೆಯಲ್ಲಿ ಕಾದ ಪ್ಲಾಸ್ಟಿಕ್ಕಿನ ಕಮಟು ವಾಸನೆಯೊಂದು ನನ್ನ ಮೂಗಿಗೆ ತಾಗಿತು. ಒಲೆಯ ಕಟ್ಟೆಯ ಹಿಂಬದಿಯ ಗೋಡೆಯಲ್ಲಿ ಹದಿನಾರು ಆಂಪಿಯರಿನ ಪ್ಲಗ್ ಪಾಯಿಂಟೊಂದಿತ್ತು. ಅದರ ಬಿಳಿಯ ಫಲಕದ ಮೇಲೆ, ಎರಡು ಕೆಳಗಿನ ರಂಧ್ರಗಳ ಪೈಕಿ ಬಲಗಡೆಯದರ ಸುತ್ತ, ಹೆಂಚಿನ ಮೇಲೆ ಕೊಂಚ ಹೆಚ್ಚು ಬೆಂದ ದೋಸೆಯ ಅಂಚಿನಂತಹ ಕಂದು ಬಣ್ಣದ ಉಂಗುರವೊಂದು ಮೂಡಿತ್ತು. ಕೈಯಿಟ್ಟು ನೋಡಿದರೆ ಫಲಕ ಬೆಚ್ಚಗಿತ್ತು.

“ನೀನು ಕಾಲೇಜಿನಲ್ಲಿ ಇದನ್ನೇ ಪಾಠ ಮಾಡಿದವನಲ್ವೇನೋ, ನೋಡು,” ಎಂದಳು ಅಕ್ಕ. “ಮೊದಲು ಬೆಳಿಗ್ಗೆ ಹೊತ್ತು ಆಗಾಗ ಎಂಸಿಬಿ ಬೀಳ್ತಿತ್ತು. ಕರೆಂಟಿನ ಹುಡುಗ ಬಂದು ದೊಡ್ಡದು ಹಾಕಿಹೋದ. ಆಮೇಲೆ ಒಂದು ಸಾರಿನೂ ಬಿದ್ದಿಲ್ಲ.”

ಪಡಸಾಲೆಯ ಗೋಡೆಯಲ್ಲಿದ್ದ ಡಿಬಿ ಬಾಕ್ಸಿನ ಬಾಗಿಲನ್ನು ತೆರೆದು ನೋಡಿದೆ. ಅಡಿಗೆಮನೆಯ ಎಂಸಿಬಿಯ ಮುಖದ ಮೇಲೆ ‘ಸಿ 32’ ಎಂದು ಅಚ್ಚಾಗಿತ್ತು. ಅದರ ಪಕ್ಕದಲ್ಲಿ ಗೀಸರಿನದು ‘ಸಿ 16’. ಆ ಒಂದು ಅಂಕ ಅಲ್ಲಿಗೆ ಹೇಗೆ ಬಂದಿತು, ಏಕೆ ಅದು ಅಲ್ಲಿರಕೂಡದು, ಹಾಗಾದರೆ ಯಾವ ಅಂಕವಿರತಕ್ಕದ್ದು ಎಂಬುದನ್ನು ಪಾಲಿಟೆಕ್ನಿಕ್ಕಿನಲ್ಲಿ ಅನೇಕ ವರ್ಷಗಳ ಕಾಲ ಇದೇ ವಿಷಯವನ್ನು ಬೋಧಿಸಿದ ನಾನು ಆ ದಿನ ಅಕ್ಕನಿಗೆ ಕಾಗದದ ಮೇಲೆ ಬರೆದು ತೋರಿಸಿದೆ; ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ನಿವೇದಿಸುತ್ತೇನೆ.

ಎಂಸಿಬಿಯೆಂಬ ಈ ಪುಟ್ಟ ಪೆಟ್ಟಿಗೆಯೊಳಗೆ ಇಬ್ಬರು ಕಾವಲುಗಾರರಿದ್ದಾರೆ. ಮೊದಲನೆಯದು ಎರಡು ಭಿನ್ನ ಲೋಹಗಳನ್ನು ಬೆಸೆದು ಮಾಡಿದ ಒಂದು ಪಟ್ಟಿ. ಪ್ರವಾಹವು ಮಿತಿಮೀರಿ ಹರಿದಾಗ ಅದು ಕಾದು, ಒಂದು ಲೋಹ ಇನ್ನೊಂದಕ್ಕಿಂತ ಅಧಿಕವಾಗಿ ಹಿಗ್ಗುವ ಕಾರಣದಿಂದ ನಿಧಾನವಾಗಿ ಬಾಗಿ, ಕಡೆಗೆ ಕೊಂಡಿಯನ್ನು ಕಳಚುತ್ತದೆ. ಎರಡನೆಯದು ತಂತಿಯ ಸುರುಳಿ. ಎಲ್ಲಿಯೋ ಫೇಸೂ ನ್ಯೂಟ್ರಲೂ ಒಂದನ್ನೊಂದು ಮುಟ್ಟಿ ಪ್ರವಾಹವು ಒಮ್ಮೆಗೇ ಹಲವು ಪಟ್ಟು ಏರಿದಾಗ ಅದು ಅಯಸ್ಕಾಂತವಾಗಿ ಕ್ಷಣಾರ್ಧದಲ್ಲಿ ಅದೇ ಕೊಂಡಿಯನ್ನು ಸೆಳೆಯುತ್ತದೆ. ಆದುದರಿಂದ ಎಂಸಿಬಿ ಬೀಳುವ ಕಾಲವೇ ರೋಗದ ಲಕ್ಷಣವನ್ನು ತಿಳಿಸುತ್ತದೆಯೆನ್ನಬಹುದು. ಹಿಡಿಯನ್ನು ಮೇಲಕ್ಕೆತ್ತಿದ ಕೂಡಲೇ ‘ಟಪ್’ ಎಂದು ಬಿದ್ದರೆ ಎಲ್ಲಿಯೋ ಶಾರ್ಟ್ ಆಗಿದೆ. ಹತ್ತೋ ಇಪ್ಪತ್ತೋ ನಿಮಿಷ ಸುಮ್ಮನಿದ್ದು ಆಮೇಲೆ ಬಿದ್ದರೆ, ಮತ್ತು ತಕ್ಷಣ ಎತ್ತಿದರೆ ನಿಲ್ಲದೆ ಸ್ವಲ್ಪ ಆರಿದ ಬಳಿಕ ನಿಂತರೆ, ಲೋಡು ಹೆಚ್ಚಾಗಿದೆ. ಅಕ್ಕನ ಮನೆಯಲ್ಲಿ ಬೀಳುತ್ತಿದ್ದುದು ಈ ಎರಡನೆಯ ಬಗೆಯದು.

ಈ ಕಾವಲು ಯಾರಿಗಾಗಿ ಎಂಬ ಪ್ರಶ್ನೆಗೆ ಬಹುಮಂದಿ ಕೊಡುವ ಉತ್ತರ ತಪ್ಪು. ಮಿಕ್ಸಿಯನ್ನೂ ಫ್ರಿಜ್ಜನ್ನೂ ಕಾಪಾಡಲಿಕ್ಕಾಗಿ ಎಂಸಿಬಿ ಇದೆಯೆಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ಮಿಕ್ಸಿಯ ಮೋಟಾರು ಸಿಕ್ಕಿಕೊಂಡು ಸುಟ್ಟರೂ ಹದಿನಾರು ಆಂಪಿಯರಿನ ಎಂಸಿಬಿ ಸಾಧಾರಣವಾಗಿ ಅಲುಗುವುದಿಲ್ಲ. ಅದು ಕಾಯುವುದು ಗೋಡೆಯ ಒಳಗೆ, ಪೈಪಿನ ಕತ್ತಲೆಯಲ್ಲಿ, ನಾವು ಕಾಣದಿರುವ ತಂತಿಯನ್ನು. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಪ್ರವಾಹ ಎರಡರಷ್ಟಾದರೆ ಉಷ್ಣ ನಾಲ್ಕರಷ್ಟು. ಮನೆಗಳಲ್ಲಿ ಬಳಸುವ ಪಿವಿಸಿ ಹೊದಿಕೆಯ ತಂತಿಯ ಒಳಲೋಹವು 70 ಡಿಗ್ರಿ ಸೆಲ್ಸಿಯಸಿನವರೆಗೆ ಕಾಯಬಹುದು. ಅದಕ್ಕಿಂತ ಮೇಲೆ ದಿನವೂ ಕಾಯುತ್ತಿದ್ದರೆ ಹೊದಿಕೆ ಮೆತ್ತಗಾಗಿ, ಆಮೇಲೆ ಗಡುಸಾಗಿ, ಕಡೆಗೆ ಬಿರುಕುಬಿಡುತ್ತದೆ. ಆದ್ದರಿಂದ ಎಂಸಿಬಿಯ ಅಂಕಕ್ಕೆ ಎರಡು ಗಡಿಗಳಿವೆ. ಒಟ್ಟಿಗೆ ನಡೆಯುವ ಉಪಕರಣಗಳ ಪ್ರವಾಹಕ್ಕಿಂತ ಅದು ಕಡಮೆಯಾಗಿರಕೂಡದು. ತಂತಿಯ ಹೊರುವ ಶಕ್ತಿಗಿಂತ ಅದು ಹೆಚ್ಚಾಗಿರಕೂಡದು. ನಮ್ಮ ದೇಶದ ವೈರಿಂಗಿನ ಮಾನಕವಾದ ಐಎಸ್ 732 ಹೇಳುವ ನಿಯಮದ ತಿರುಳೂ ಇದೇ. ಮೊದಲನೆಯದನ್ನು ನಾನು ನೆಲವೆಂದೂ ಎರಡನೆಯದನ್ನು ಸೂರೆಂದೂ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ.

ಮೊದಲು ನೆಲವನ್ನು ಕಾಣೋಣ. ಅಕ್ಕನೂ ನಾನೂ ಪ್ರತಿಯೊಂದು ಉಪಕರಣವನ್ನೂ ಹೊರಳಿಸಿ, ಅದರ ತಳದಲ್ಲಿಯೋ ಬೆನ್ನಿನಲ್ಲಿಯೋ ಅಂಟಿಸಿರುವ ಫಲಕವನ್ನು ಓದುತ್ತ ಹೋದೆವು. ಕಾಯಿಸುವ ಉಪಕರಣಗಳ ಲೆಕ್ಕ ಸುಲಭ. ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ. ನೀರು ಕಾಯಿಸುವ ಕೆಟಲಿನ ಮೇಲೆ 1500 ವ್ಯಾಟ್ ಎಂದಿತ್ತು, ಎಂದರೆ 6.5 ಆಂಪಿಯರ್, ಇಂಡಕ್ಷನ್ ಒಲೆ 2000 ವ್ಯಾಟಿನದು, 8.7 ಆಂಪಿಯರ್. ಮೈಕ್ರೋವೇವಿನ ವಿಷಯದಲ್ಲಿ ಎಚ್ಚರ ಬೇಕು: ಮುಂಬಾಗಿಲಿನ ಮೇಲೆ ದೊಡ್ಡದಾಗಿ ಬರೆದಿರುವ 800 ವ್ಯಾಟ್ ಎಂಬುದು ಅದು ಆಹಾರಕ್ಕೆ ಕೊಡುವ ಶಕ್ತಿ, ಗೋಡೆಯಿಂದ ಅದು ಎಳೆಯುವುದು ಹಿಂಬದಿಯ ಫಲಕದಲ್ಲಿ ಸಣ್ಣಕ್ಷರಗಳಲ್ಲಿದ್ದ 1300 ವ್ಯಾಟ್, ಅಂದರೆ ಸುಮಾರು 5.7 ಆಂಪಿಯರ್.

ಮೋಟಾರಿರುವ ಉಪಕರಣಗಳಲ್ಲಿ ಈ ಭಾಗಾಕಾರ ಸಾಲದು, ಏಕೆಂದರೆ ಮೋಟಾರು ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚು ಪ್ರವಾಹವನ್ನು ತಂತಿಯಲ್ಲಿ ಓಡಾಡಿಸುತ್ತದೆ. ಆ ಹೆಚ್ಚುವರಿ ಪ್ರವಾಹವು ಕೆಲಸವನ್ನು ಮಾಡದಿದ್ದರೂ ತಂತಿಯನ್ನು ಕಾಯಿಸುವುದಂತೂ ಸತ್ಯ. ಹಳೆಯ ಮಾದರಿಯ ಕಂಪ್ರೆಸರಿನ ಅಕ್ಕನ ಫ್ರಿಜ್ಜು ಓಡುವಾಗ 170 ವ್ಯಾಟ್ ಮಾತ್ರ ತೆಗೆದುಕೊಳ್ಳುತ್ತದೆ. ಬರಿಯ ಭಾಗಾಕಾರದಂತೆ ಮುಕ್ಕಾಲು ಆಂಪಿಯರ್ ಆಗಬೇಕು. ಆದರೆ ಅಳೆದರೆ ಸಿಕ್ಕಿದ್ದು 1.2 ಆಂಪಿಯರ್. ಇದನ್ನು ಅಳೆಯುವ ಸಾಧನ ಕ್ಲ್ಯಾಂಪ್ ಮೀಟರು, ಇಕ್ಕಳದಂತೆ ಬಾಯಿ ತೆರೆದು ತಂತಿಯನ್ನು ಸುತ್ತುವರಿದು, ತಂತಿಯನ್ನು ಕತ್ತರಿಸದೆಯೇ ಅದರಲ್ಲಿ ಹರಿಯುವ ಪ್ರವಾಹವನ್ನು ತೋರಿಸುವಂತಹದು. ಹೊಸಬರು ಇದರಲ್ಲಿ ಮಾಡುವ ತಪ್ಪೊಂದಿದೆ: ಉಪಕರಣದ ದಪ್ಪ ಕೇಬಲನ್ನೇ ಇಡಿಯಾಗಿ ಇಕ್ಕಳದೊಳಗೆ ಸೇರಿಸಿ, ಮೀಟರು ಸೊನ್ನೆ ತೋರಿಸುತ್ತದೆಂದು ಬೆರಗಾಗುತ್ತಾರೆ. ಹೋಗುವ ಪ್ರವಾಹವೂ ಬರುವ ಪ್ರವಾಹವೂ ಒಂದನ್ನೊಂದು ಅಳಿಸಿಬಿಡುವುದರಿಂದ ಹಾಗಾಗುತ್ತದೆ. ಡಿಬಿ ಬಾಕ್ಸಿನಲ್ಲಿ ಎಂಸಿಬಿಯಿಂದ ಹೊರಡುವ ಫೇಸ್ ತಂತಿಯೊಂದನ್ನೇ ಹಿಡಿಯತಕ್ಕದ್ದು. ಮುಚ್ಚಳ ತೆಗೆದ ಪೆಟ್ಟಿಗೆಯಲ್ಲಿ ಜೀವಂತ ತಂತಿಗಳಿರುವುದರಿಂದ ಈ ಅಳತೆಯನ್ನು ಲೈಸೆನ್ಸುಳ್ಳ ಎಲೆಕ್ಟ್ರಿಷಿಯನ್ನನಿಂದಲೇ ಮಾಡಿಸುವುದು ಕ್ಷೇಮ. ನಾವು ಹಾಗೆ ಅಳೆದಾಗ 750 ವ್ಯಾಟಿನ ಮಿಕ್ಸಿ ಚಟ್ನಿ ರುಬ್ಬುವಾಗ 3.3, ಗ್ರೈಂಡರು 1.3, ನೀರು ಶುದ್ಧಮಾಡುವ ಯಂತ್ರ 0.3 ಆಂಪಿಯರ್ ಎಳೆದವು.

ಎಲ್ಲವನ್ನೂ ಕೂಡಿದರೆ 27 ಆಂಪಿಯರ್. ಇಲ್ಲಿಯೇ ದಾರಿ ತಪ್ಪುವುದು. ‘ಲೋಡು ಇಪ್ಪತ್ತೇಳು, ಅದಕ್ಕಿಂತ ಮೇಲಿನದು ಮೂವತ್ತೆರಡು’ ಎಂದು ಹೇಳಿ ಅಂಗಡಿಯಿಂದ ಎಂಸಿಬಿಯನ್ನು ತರುವುದು ಗಣಿತದ ದೃಷ್ಟಿಯಿಂದ ನಿರ್ದುಷ್ಟವಾಗಿ ಕಾಣುತ್ತದೆ. ಆದರೆ ಆ ಗಣಿತದಲ್ಲಿ ತಂತಿಯ ಹೆಸರೇ ಬಂದಿಲ್ಲ. ಅಲ್ಲದೆ ಎಲ್ಲ ಉಪಕರಣಗಳೂ ಒಟ್ಟಿಗೆ ನಡೆಯುವುದೂ ಇಲ್ಲ. ಅಕ್ಕನ ಮನೆಯಲ್ಲಿ ಗ್ರೈಂಡರು ತಿರುಗುವುದು ಸಂಜೆ, ಮಾರನೆಯ ದಿನದ ಇಡ್ಲಿಗೆ. ಬೆಳಗಿನ ಏಳು ಗಂಟೆಯ ಹೊತ್ತಿಗೆ ಇಂಡಕ್ಷನ್ನಿನ ಮೇಲೆ ಕುಕ್ಕರು, ಸ್ನಾನ ಮುಗಿಸಿ ಬಂದ ಭಾವನವರಿಗೆ ಕೆಟಲಿನಲ್ಲಿ ನೀರು, ಮಗನ ಡಬ್ಬಿಗೆ ಮೈಕ್ರೋವೇವಿನಲ್ಲಿ ಪಲ್ಯ, ಇವುಗಳ ಹಿಂದೆ ತನ್ನ ಪಾಡಿಗೆ ತಾನು ಗುನುಗುವ ಫ್ರಿಜ್ಜು: ಇಷ್ಟೂ ಕೂಡಿ 22.1 ಆಂಪಿಯರ್. ನಡುವೆ ಎರಡು ನಿಮಿಷ ಮಿಕ್ಸಿ ತಿರುಗಿದರೆ 25.4. ನಿಜವಾದ ನೆಲವನ್ನು ಗೊತ್ತುಮಾಡುವುದಕ್ಕೆ ಹೀಗೆ ಮನೆಯವರ ದಿನಚರಿಯನ್ನು ಕೇಳಿ ತಿಳಿಯಬೇಕು. ಕೆಲವು ನಿಮಿಷಕ್ಕಿಂತ ಹೆಚ್ಚಾಗಿ ಒಟ್ಟಿಗೆ ನಡೆಯುವುವನ್ನು ಕೂಡಬೇಕು. ಒಂದೂವರೆ ಲೀಟರ್ ನೀರು ಕುದಿಯಲು ಕೆಟಲಿಗೆ ಐದಾರು ನಿಮಿಷ ಬೇಕಾಗುವುದರಿಂದ ಅದನ್ನು ಲೆಕ್ಕದಿಂದ ಬಿಡುವಂತಿಲ್ಲ.

ಇನ್ನು ಮೋಟಾರುಗಳು ಹೊರಡುವ ಕ್ಷಣದಲ್ಲಿ ಓಟದ ಪ್ರವಾಹದ ಐದಾರು ಪಟ್ಟು ಎಳೆಯುತ್ತವೆಂಬ ಕಾರಣವನ್ನು ಮುಂದೊಡ್ಡಿ ಕೆಲವರು ದೊಡ್ಡ ಎಂಸಿಬಿಯನ್ನು ಸಮರ್ಥಿಸುವುದುಂಟು. ಆ ಏರಿಕೆ ಕ್ಷಣಮಾತ್ರದ್ದು. ಅದಕ್ಕೆ ಪರಿಹಾರವು ಅಂಕದ ಹಿಂದಿರುವ ಅಕ್ಷರದಲ್ಲಿದೆ: ‘ಬಿ’ ಜಾತಿಯದರ ಅಯಸ್ಕಾಂತವು ಅಂಕದ ಮೂರರಿಂದ ಐದು ಪಟ್ಟಿಗೆ ಎಚ್ಚರಗೊಂಡರೆ, ‘ಸಿ’ ಜಾತಿಯದು ಐದರಿಂದ ಹತ್ತು ಪಟ್ಟಿನವರೆಗೆ ತಾಳುತ್ತದೆ. ‘ಸಿ 16’ ಎಂಬುದರ ಸುರುಳಿ 80 ಆಂಪಿಯರಿನ ಕೆಳಗೆ ಎಳೆಯುವುದೇ ಇಲ್ಲ. ಫ್ರಿಜ್ಜಿನ ಹೊರಡುವ ಪ್ರವಾಹ ಅದರ ಹತ್ತಿರಕ್ಕೂ ಬರಲಾರದು.

ಈಗ ಸೂರಿನ ವಿಚಾರ. ಲೇಖನದ ಜೀವ ಇದರಲ್ಲಿದೆ. ಮೂವತ್ತೆರಡನ್ನು ಹಾಕಿಹೋಗಿದ್ದ ಎಲೆಕ್ಟ್ರಿಷಿಯನ್ ಹುಡುಗನನ್ನೇ ಕರೆಸಿದ್ದೆವು. ಆತ ಮುಖ್ಯ ಸ್ವಿಚ್ಚನ್ನು ಆರಿಸಿ ಡಿಬಿಯ ಮುಚ್ಚಳವನ್ನು ತೆಗೆದ ಮೇಲೆ ನಾವು ಮೊದಲು ಓದಿದ್ದು ತಂತಿಯ ಮೈಯನ್ನು. ಒಳ್ಳೆಯ ತಂತಿಯ ಹೊದಿಕೆಯ ಮೇಲೆ ಐಎಸ್ 694 ಎಂಬ ಗುರುತೂ ಅದರ ದಪ್ಪವೂ ಮತ್ತೆ ಮತ್ತೆ ಅಚ್ಚಾಗಿರುತ್ತವೆ. ಅಚ್ಚು ಅಳಿಸಿಹೋಗಿದ್ದರೆ ತುದಿಯಲ್ಲಿ ಎಳೆಗಳನ್ನು ಎಣಿಸಬಹುದು: ಈಗಿನ ಬಹುಎಳೆಯ ತಾಮ್ರದ ತಂತಿಯಲ್ಲಿ 0.3 ಮಿಲಿಮೀಟರಿನ 22 ಎಳೆಗಳಿದ್ದರೆ ಅದು ಒಂದೂವರೆ ಚದರ ಮಿಲಿಮೀಟರು, 36 ಇದ್ದರೆ ಎರಡೂವರೆ, 56 ಇದ್ದರೆ ನಾಲ್ಕು. ಹಳೆಯ ಮನೆಗಳ ವಿಷಯದಲ್ಲಿ ನಮ್ಮ ಕಡೆಯ ಕೆಲಸಗಾರರು ಈಗಲೂ ‘ತ್ರೀ ಟ್ವೆಂಟಿ’, ‘ಸೆವೆನ್ ಟ್ವೆಂಟಿ’ ಎನ್ನುತ್ತಾರೆ, 20ನೆಯ ಗೇಜಿನ ಮೂರು ಅಥವಾ ಏಳು ಎಳೆಗಳೆಂಬ ಅರ್ಥದಲ್ಲಿ. ತ್ರೀ ಟ್ವೆಂಟಿಯನ್ನು ಎರಡೂವರೆ ಚದರವೆಂದು ಬಾಯಿಮಾತಿಗೆ ಹೇಳುವುದಿದ್ದರೂ, ಆ ಎಳೆಗಳ ಅಡ್ಡಕೊಯ್ತವನ್ನು ಲೆಕ್ಕಹಾಕಿದರೆ ಬರುವುದು ಎರಡು ಚದರ ಮಿಲಿಮೀಟರು ಮಾತ್ರ. ಅಕ್ಕನ ಅಡಿಗೆಮನೆಯ ತಂತಿಯಲ್ಲಿ 36 ಎಳೆಗಳಿದ್ದುವು.

ಎರಡೂವರೆ ಚದರದ ತಾಮ್ರದ ತಂತಿ ಗೋಡೆಯಲ್ಲಿ ಹುದುಗಿದ ಪೈಪಿನೊಳಗೆ, ಸುತ್ತಲಿನ ತಾಪ 30 ಡಿಗ್ರಿ ಇರುವಾಗ, 24 ಆಂಪಿಯರನ್ನು ಹೊರಬಲ್ಲುದೆಂದು ಕೋಷ್ಟಕ ಹೇಳುತ್ತದೆ. ಆದರೆ ಕೋಷ್ಟಕದ ಆ ಅಂಕವನ್ನು ಹಾಗೆಯೇ ತೆಗೆದುಕೊಳ್ಳುವುದು ಸರಿಯಲ್ಲ. ದಾವಣಗೆರೆಯ ಏಪ್ರಿಲ್ಲಿನಲ್ಲಿ, ಪಡುವಣ ಬಿಸಿಲಿಗೆ ಮೈಯೊಡ್ಡಿದ ಗೋಡೆಯೊಳಗೆ 40 ಡಿಗ್ರಿ ಸಹಜ. 70ರ ಮಿತಿಗೆ ಏರಲು ತಂತಿಗೆ ಉಳಿದಿರುವ ಅವಕಾಶವೇ ಕಡಮೆಯಾದುದರಿಂದ 24ನ್ನು 0.87ರಿಂದ ಗುಣಿಸಬೇಕು, ಆಗ ಉಳಿಯುವುದು 20.9. ಇದರ ಮೇಲೆ, ಅದೇ ಪೈಪಿನೊಳಗೆ ಗೀಸರಿನ ತಂತಿಯೂ ಹಾದುಹೋಗಿತ್ತು. ಒಂದೇ ಹೊದಿಕೆಯಡಿಯಲ್ಲಿ ಮಲಗಿದ ಇಬ್ಬರಂತೆ ಎರಡು ಸರ್ಕೀಟುಗಳು ಒಂದನ್ನೊಂದು ಕಾಯಿಸುವುದರಿಂದ ಮತ್ತೆ 0.8ರಿಂದ ಗುಣಿಸಬೇಕು: 16.7 ಆಂಪಿಯರ್. ಇದು ಸೂರು. ಎಂಸಿಬಿಗಳು ಸಿಗುವುದು 6, 10, 16, 20, 25, 32 ಎಂಬ ಮೆಟ್ಟಿಲುಗಳಲ್ಲಿ. ಆದ್ದರಿಂದ ಆ ತಂತಿಗೆ ಒಪ್ಪುವ ಅತ್ಯಂತ ದೊಡ್ಡ ಅಂಕ 16. ಮನೆಯನ್ನು ಕಟ್ಟಿದಾಗ ವೈರಿಂಗ್ ಮಾಡಿದಾತ ಅದನ್ನೇ ಹಾಕಿದ್ದ. ಆತನ ಕೆಲಸ ಸರಿಯಾಗಿಯೇ ಇತ್ತು.

ಹಾಗಾದರೆ ಹದಿನಾರರ ಆ ಎಂಸಿಬಿ ಪದೇ ಪದೇ ಬಿದ್ದುದೇಕೆ, ಮತ್ತು ಅಕ್ಕ ಹೇಳಿದಂತೆ ‘ಕೆಲವು ದಿನ ಬೀಳ್ತಿತ್ತು, ಕೆಲವು ದಿನ ಇಲ್ಲ’ ಎಂಬ ಚಂಚಲತೆ ಏಕೆ? ಎಂಸಿಬಿಯ ಮೇಲಿನ ಅಂಕವು ಕತ್ತಿಯ ಅಲಗಿನಂತಹ ಗಡಿಯಲ್ಲ. ಮಾನಕದ ಪ್ರಕಾರ ಅಂಕದ 1.13 ಪಟ್ಟು ಪ್ರವಾಹ ಒಂದು ಗಂಟೆ ಹರಿದರೂ ಅದು ಬೀಳಕೂಡದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಹದಿನಾರರದಕ್ಕೆ ಇವು ಸುಮಾರು 18 ಮತ್ತು 23 ಆಂಪಿಯರುಗಳು. ಇವೆರಡರ ನಡುವೆ ಇರುವುದು ಅನಿಶ್ಚಿತದ ಸೀಮೆ. ಅಕ್ಕನ ಬೆಳಗಿನ 22.1 ಬಿದ್ದದ್ದು ಸರಿಯಾಗಿ ಈ ಸೀಮೆಯಲ್ಲಿ. ಪಕ್ಕದ ಗೀಸರಿನ ಎಂಸಿಬಿ ಕಾದಿದ್ದರೆ, ಪೆಟ್ಟಿಗೆಯೊಳಗಿನ ಗಾಳಿ ಬಿಸಿಯಾಗಿದ್ದರೆ, ಅಥವಾ ಮಿಕ್ಸಿ ಸ್ವಲ್ಪ ಹೊತ್ತು ಸೇರಿಕೊಂಡರೆ, ಬಾಗುಪಟ್ಟಿ ಬೇಗ ಬಾಗುತ್ತಿತ್ತು. ತಣ್ಣನೆಯ ದಿನ ತಾಳುತ್ತಿತ್ತು. ಈ ಉಪಕರಣಗಳನ್ನು 30 ಡಿಗ್ರಿಗೆ ಸರಿಹೊಂದಿಸಿರುತ್ತಾರೆ; ಪೆಟ್ಟಿಗೆಯೊಳಗೆ 50 ಡಿಗ್ರಿಯಾದರೆ ಹದಿನಾರರದು ಹದಿನಾಲ್ಕು ಹದಿನೈದರಂತೆ ವರ್ತಿಸುವುದು ಸಾಮಾನ್ಯ. ತಂತಿಯೂ ಆ ಬಿಸಿಯಲ್ಲಿ ಕಡಮೆಯನ್ನೇ ಹೊರಬಲ್ಲುದಾದ್ದರಿಂದ ಇದು ದೋಷವಲ್ಲ.

ಆ ಹದಿನಾರನ್ನು ತೆಗೆದು ಮೂವತ್ತೆರಡನ್ನು ಹಾಕಿದಾಗ ಆದದ್ದೇನೆಂಬುದನ್ನು ಈಗ ಲೆಕ್ಕಹಾಕಬಹುದು. ಬೆಳಗಿನ 25.4 ಆಂಪಿಯರ್ 32ಕ್ಕಿಂತ ಕೆಳಗಿರುವುದರಿಂದ ಎಂಸಿಬಿ ಎಂದಿಗೂ ಬೀಳುವುದಿಲ್ಲ. ಅಕ್ಕ ನೆಮ್ಮದಿಯೆಂದುಕೊಂಡದ್ದು ಇದನ್ನೇ. ಗೀಸರು ಆರಿರುವಾಗಲೂ 20.9ನ್ನು ಮಾತ್ರ ಹೊರಬಲ್ಲ ತಂತಿಯಲ್ಲಿ ಅಷ್ಟು ಪ್ರವಾಹ ಸತತವಾಗಿ ಹರಿದರೆ ಉಷ್ಣ ಒಂದೂವರೆ ಪಟ್ಟಾಗುತ್ತದೆ. 40ರಿಂದ 70ಕ್ಕೆ 30 ಡಿಗ್ರಿ ಏರಬೇಕಾದದ್ದು ಸುಮಾರು 44 ಡಿಗ್ರಿ ಏರಿ, ತಾಮ್ರವು 84 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಇದಕ್ಕಿಂತ ಭಯಾನಕವಾದದ್ದು ಮೂವತ್ತೆರಡರ ಎಂಸಿಬಿ ಬಿಡಬಹುದಾದ ಗರಿಷ್ಠ: 36 ಆಂಪಿಯರ್ ಒಂದು ಗಂಟೆ ಹರಿದರೂ ಅದು ಸುಮ್ಮನಿರಲು ಬದ್ಧವಾಗಿದೆ, ಆಗ ಉಷ್ಣ ಸುಮಾರು ಮೂರು ಪಟ್ಟು, ತಂತಿಯ ತಾಪ 130 ಡಿಗ್ರಿಯ ಸಮೀಪ. ಹಬ್ಬದ ದಿನ ನೆಂಟರು ಬಂದು ಇನ್ನೊಂದು ಕೆಟಲೋ ಇಸ್ತ್ರಿಪೆಟ್ಟಿಗೆಯೋ ಅಲ್ಲಿಯೇ ಸೇರಿದರೆ ಈ ಸ್ಥಿತಿ ದೂರವಿಲ್ಲ. ಹಿಂದಿನ ಕಾಲದಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿನಲ್ಲಿ ತೆಳುತಂತಿ ಪದೇ ಪದೇ ಸುಟ್ಟುಹೋಗುತ್ತದೆಂದು ಮೂರು ನಾಲ್ಕು ಎಳೆ ಸೇರಿಸಿ ಕಟ್ಟುತ್ತಿದ್ದ ಅಭ್ಯಾಸವೇ ಈಗ ದೊಡ್ಡ ಎಂಸಿಬಿಯ ರೂಪದಲ್ಲಿ ಮರಳಿ ಬಂದಿದೆ.

ಆ ಕಂದು ಉಂಗುರದ ಕಾರಣವೂ ಇಲ್ಲಿಯೇ ತಿಳಿಯಿತು. ಗೋಡೆಯ ಸಾಕೆಟ್ಟಿಗೂ ತನ್ನದೇ ಆದ ಮಿತಿಯುಂಟು; ಐಎಸ್ 1293ರ ಪ್ರಕಾರ ನಮ್ಮ ಮನೆಗಳ ಸಾಕೆಟ್ಟುಗಳು ಆರು ಆಂಪಿಯರಿನವು, ಇಲ್ಲವೆ ಹದಿನಾರರವು. ಅಕ್ಕ ಮಲ್ಟಿಪ್ಲಗ್ಗೊಂದನ್ನು ಸಿಕ್ಕಿಸಿ ಇಂಡಕ್ಷನ್ನು, ಕೆಟಲು, ಮೈಕ್ರೋವೇವು ಮೂರನ್ನೂ ಒಂದೇ ಸಾಕೆಟ್ಟಿನಿಂದ ನಡೆಸುತ್ತಿದ್ದಳು. ಮೂರೂ ಕೂಡಿದರೆ 20.9 ಆಂಪಿಯರ್. ಹಿತ್ತಾಳೆಯ ಒಳಹಿಡಿಕೆ ಕಾದು, ಸ್ಪ್ರಿಂಗಿನ ಬಿಗಿ ಸಡಿಲಿ, ಸಡಿಲವಾದ ಸಂಪರ್ಕ ಇನ್ನಷ್ಟು ಕಾದು, ಹೀಗೆ ಒಂದನ್ನೊಂದು ಬೆಳೆಸುತ್ತ ಹೋಗುವ ಈ ಕ್ರಿಯೆ ಫಲಕವನ್ನು ಸುಡುವವರೆಗೂ ನಿಲ್ಲುವುದಿಲ್ಲ. ಮೂವತ್ತೆರಡರ ಎಂಸಿಬಿಗೆ ಇದು ಕಾಣುವುದೇ ಇಲ್ಲ.

ಒಟ್ಟಿನಲ್ಲಿ ಅಕ್ಕನ ಅಡಿಗೆಮನೆಯ ನೆಲ 22 ಆಂಪಿಯರಿನಲ್ಲಿತ್ತು, ಸೂರು 16.7ರಲ್ಲಿ. ನೆಲ ಸೂರಿಗಿಂತ ಮೇಲಿರುವ ಮನೆಯಲ್ಲಿ ನಿಲ್ಲುವುದಕ್ಕೆ ಜಾಗವೇ ಇಲ್ಲ. ಅಂದರೆ ಆ ಸರ್ಕೀಟಿಗೆ ಸರಿಯಾದ ಎಂಸಿಬಿಯ ಅಂಕವೆಂಬುದೇ ಇರಲಿಲ್ಲ. ಹದಿನಾರು ಹಾಕಿದರೆ ಅಡಿಗೆ ನಡೆಯದು. ಇಪ್ಪತ್ತೈದು ಹಾಕಿದರೆ ತಂತಿ ಉಳಿಯದು. ಇಂತಹ ಪ್ರಸಂಗದಲ್ಲಿ ಅಂಗಡಿಯಿಂದ ಯಾವ ಎಂಸಿಬಿಯನ್ನು ತಂದರೂ ಪ್ರಯೋಜನವಿಲ್ಲ. ಲೋಡನ್ನು ಪಾಲು ಮಾಡಬೇಕು. ದಪ್ಪ ತಂತಿಯನ್ನು ಎಳೆದರೆ ಸಾಲದೇ ಎಂದು ಎಲೆಕ್ಟ್ರಿಷಿಯನ್ ಹುಡುಗ ಕೇಳಿದ, ಒಳ್ಳೆಯ ಪ್ರಶ್ನೆ. ಅದೇ ಪೈಪಿನಲ್ಲಿ ನಾಲ್ಕು ಚದರದ ತಂತಿಯನ್ನು ಹಾಕಿದರೂ ತಾಪವನ್ನೂ ಗೀಸರಿನ ನೆರೆಯನ್ನೂ ಕಳೆದರೆ ಅದು ಹೊರುವುದು 22.3 ಆಂಪಿಯರ್, ಇಪ್ಪತ್ತೈದರ ಎಂಸಿಬಿಗೆ ಅದೂ ಸಾಲದು. ಆರು ಚದರದ್ದು ಸಾಕಾಗುತ್ತದೆ, ಆದರೆ ಗೋಡೆಯ ಸಾಕೆಟ್ಟು ಹದಿನಾರರದೇ ಆಗಿ ಉಳಿಯುತ್ತದೆ, ಮತ್ತು ಅದನ್ನು ಕಾಯುವವರು ಯಾರೂ ಇರುವುದಿಲ್ಲ. ಒಂದು ಪವರ್ ಸರ್ಕೀಟಿಗೆ ಎರಡಕ್ಕಿಂತ ಹೆಚ್ಚು ಹದಿನಾರರ ಸಾಕೆಟ್ಟುಗಳು ಬೇಡವೆಂಬ ಪದ್ಧತಿಯೂ ನಮ್ಮಲ್ಲಿ ರೂಢಿಯಲ್ಲಿದೆ.

ನಾವು ಮಾಡಿದ್ದು ಇಷ್ಟು. ಗೋಡೆಯ ಮೇಲೆ ಹೊರಗಿನಿಂದಲೇ ಹೊಸ ಪೈಪೊಂದನ್ನು ಡಿಬಿಯಿಂದ ಅಡಿಗೆಮನೆಗೆ ಒಯ್ದು, ಅದರಲ್ಲಿ ಎರಡೂವರೆ ಚದರದ ಎರಡು ಹೊಸ ಸರ್ಕೀಟುಗಳನ್ನು ಎಳೆದೆವು, ಪ್ರತಿಯೊಂದಕ್ಕೂ ಅದರದೇ ಫೇಸು, ಅದರದೇ ನ್ಯೂಟ್ರಲು, ಜೊತೆಗೆ ಅರ್ತಿನ ಹಸಿರು ತಂತಿ. ಒಂದೇ ಪೈಪಿನಲ್ಲಿ ಎರಡು ಇರುವುದರಿಂದ ಅವುಗಳ ಸೂರು ಮತ್ತೆ 16.7, ಎರಡಕ್ಕೂ ‘ಸಿ 16’. ಮೊದಲನೆಯದರಲ್ಲಿ ಇಂಡಕ್ಷನ್ ಒಂದೇ, 8.7 ಆಂಪಿಯರ್. ಎರಡನೆಯದರಲ್ಲಿ ಕೆಟಲು ಮತ್ತು ಮೈಕ್ರೋವೇವು, ಎರಡು ಬೇರೆ ಬೇರೆ ಸಾಕೆಟ್ಟುಗಳಲ್ಲಿ, ಒಟ್ಟು 12.2. ಹಳೆಯ ತಂತಿಗೆ ಉಳಿದದ್ದು ಫ್ರಿಜ್ಜು, ಮಿಕ್ಸಿ, ಗ್ರೈಂಡರು, ನೀರಿನ ಯಂತ್ರ. ನಾಲ್ಕೂ ಒಟ್ಟಿಗೆ ನಡೆದರೂ 6.1 ಆಂಪಿಯರ್. ಇದಕ್ಕೆ ಆರರ ಎಂಸಿಬಿ ಬಿಗಿಯಾಗುತ್ತದೆ. ಆದ್ದರಿಂದ ‘ಸಿ 10’. ಹದಿನಾರನ್ನೇ ಇಟ್ಟಿದ್ದರೂ ಆ ತಂತಿಗೆ ಅಪಾಯವಿರಲಿಲ್ಲ, ಆದರೆ ಹತ್ತನ್ನು ಇಟ್ಟರೆ ನಾಳೆ ಯಾರಾದರೂ ಮರೆತು ಇಂಡಕ್ಷನ್ನನ್ನೂ ಕೆಟಲನ್ನೂ ಅಲ್ಲಿಗೇ ಸಿಕ್ಕಿಸಿದಾಗ ಎಂಸಿಬಿಯೇ ಬಿದ್ದು ಎಚ್ಚರಿಸಬಹುದೆಂದು ನನ್ನ ಎಣಿಕೆ. ಕಂದುಗಟ್ಟಿದ ಸಾಕೆಟ್ಟನ್ನು ಬದಲಾಯಿಸಿದೆವು; ಅದರ ಹಿಂದೆ ಎರಡಂಗುಲದಷ್ಟು ತಂತಿಯ ಹೊದಿಕೆ ಉಗುರಿಗೆ ಪುಡಿಯಾಗುತ್ತಿದ್ದುದರಿಂದ ಅಷ್ಟನ್ನು ಕತ್ತರಿಸಿ, ಒಳ್ಳೆಯ ತುದಿಯನ್ನು ಎಳೆದು ಕೂರಿಸಿದೆವು. ಡಿಬಿಯ ತಿರುಪುಗಳನ್ನೆಲ್ಲ ಮತ್ತೊಮ್ಮೆ ಬಿಗಿಮಾಡಿಸಿದೆ, ಏಕೆಂದರೆ ಸಡಿಲವಾದ ತಿರುಪಿನಲ್ಲಿ ಹುಟ್ಟುವ ಬಿಸಿಯೂ ಎಂಸಿಬಿಯನ್ನು ಕಾರಣವಿಲ್ಲದೆ ಬೀಳಿಸುವುದುಂಟು.

ಮಾರನೆಯ ಬೆಳಿಗ್ಗೆ ಎಲ್ಲವನ್ನೂ ಬೇಕೆಂದೇ ಒಟ್ಟಿಗೆ ನಡೆಸಿ ನೋಡಿದೆವು. ಕುಕ್ಕರು ಕೂಗಿತು, ಕೆಟಲು ಕುದಿಯಿತು, ಮಿಕ್ಸಿಯಲ್ಲಿ ಚಟ್ನಿಯಾಯಿತು. ಅರ್ಧ ಗಂಟೆಯ ಬಳಿಕ ಮೂರು ಸಾಕೆಟ್ಟುಗಳ ಮೇಲೂ ಕೈಯಿಟ್ಟು ನೋಡಿದರೆ ತಣ್ಣಗಿದ್ದುವು.

“ಲೋಡ್ ಜಾಸ್ತಿ ಐತೆ ಅಂತ ಮೂವತ್ತೆರಡು ಹಾಕಿದ್ದೆ ಸಾರ್. ತಂತಿ ನೋಡಿರಲಿಲ್ಲ,” ಎಂದ ಎಲೆಕ್ಟ್ರಿಷಿಯನ್ ಹುಡುಗ. ಆತ ಜಾಣ, ಎಳೆಗಳನ್ನು ಎಣಿಸುವುದನ್ನು ಒಂದೇ ಸಾರಿಗೆ ಕಲಿತುಕೊಂಡ. ಅವನಿಗೆ ಇದನ್ನು ಮೊದಲೇ ಯಾರೂ ಹೇಳಿಕೊಡದಿದ್ದುದು ನಮ್ಮಂತಹ ಬೋಧಕರ ಪಾಲಿನ ಲೋಪವೆಂದೇ ನಾನು ತಿಳಿಯುತ್ತೇನೆ.

ಎಂಸಿಬಿ ಎಷ್ಟೇ ಸರಿಯಾಗಿದ್ದರೂ ಮನುಷ್ಯನಿಗೆ ಷಾಕ್ ಹೊಡೆದಾಗ ಅದು ಬೀಳುವುದಿಲ್ಲವೆಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಮೈಯಲ್ಲಿ ಹರಿದು ಪ್ರಾಣ ತೆಗೆಯುವ ಪ್ರವಾಹ ಒಂದು ಆಂಪಿಯರಿನ ಅತ್ಯಲ್ಪ ಭಾಗ. ಅದಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇರೆಯೇ ಬೇಕು, ನೀರು ಚೆಲ್ಲುವ ಅಡಿಗೆಮನೆಗೂ ಬಚ್ಚಲಿಗೂ ವಿಶೇಷವಾಗಿ.

ತೆಗೆದಿಟ್ಟ ಮೂವತ್ತೆರಡರ ಎಂಸಿಬಿ ಕೆಟ್ಟದ್ದೇನಲ್ಲ. ತಾಮ್ರದ ಆರು ಚದರ ಮಿಲಿಮೀಟರಿನ ತಂತಿ, ಪೈಪಿನಲ್ಲಿ ಒಂಟಿಯಾಗಿ ಹೋಗುವಂತಹದು, 40 ಡಿಗ್ರಿಯಲ್ಲಿಯೂ 35 ಆಂಪಿಯರಿಗೆ ಮೇಲ್ಪಟ್ಟು ಹೊರುತ್ತದೆ. ಅದರ ತಲೆಯ ಮೇಲೆ ಆ ಅಂಕ ಸರಿಹೊಂದುತ್ತದೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಪ್ಲಗ್ ಪಾಯಿಂಟುಗಳ ಸಾಲಿನಲ್ಲಿ 25 ಅಥವಾ 32 ಎಂಬ ಅಂಕವೇನಾದರೂ ಕಂಡರೆ, ಈ ವಾರದೊಳಗಾಗಿ ಎಲೆಕ್ಟ್ರಿಷಿಯನ್ನನನ್ನು ಕರೆಸಿ, ಮುಚ್ಚಳವನ್ನು ತೆಗೆಸಿ, ಅದರ ಕೆಳಗಿನಿಂದ ಹೊರಡುವ ತಂತಿಯ ಎಳೆಗಳನ್ನು ನಿಮ್ಮೆದುರಿಗೇ ಎಣಿಸಿರೆಂದು ಕೇಳಿರಿ. ಮೂವತ್ತಾರು ಬಂದರೆ ಆ ಎಂಸಿಬಿಯನ್ನು ಅಂದೇ ಇಳಿಸಿಬಿಡಿ.